ಫಿನಿಶ್ ಬರಲಿಲ್ಲವೇ? ಮೊದಲು ಫೀಡ್ ನೋಡಿ

ಡ್ರಾಯಿಂಗ್‌ನಲ್ಲಿ Ra 1.6 ಎಂದಿದೆ, ಶಾಫ್ಟ್ ಮೇಲೆ 3ಕ್ಕಿಂತ ಹೆಚ್ಚು ಬರುತ್ತಿದೆ. ಇಂಥ ಹೊತ್ತಿನಲ್ಲಿ ಅನೇಕರು ಮೊದಲು ಸ್ಪೀಡ್ ಏರಿಸುತ್ತಾರೆ. ಸ್ವಲ್ಪ ತಾಳಿ, ಮೊದಲು ಒಂದು ಲೆಕ್ಕ ಮಾಡಿ.

ಟೂಲಿನ ದುಂಡು ಮೂಗು ಪ್ರತಿ ಸುತ್ತಿಗೂ ಫೀಡ್‌ನಷ್ಟು ಮುಂದೆ ಸರಿದು ಸಣ್ಣ ಗೆರೆ ಕೊರೆಯುತ್ತದೆ. ಆ ಗೆರೆಗಳ ನಡುವಿನ ಏಣೇ ಒರಟುತನ. ಅಂದಾಜು ಸೂತ್ರ ಇದು:

Ra ≈ f² / (32 × r)

f ಎಂದರೆ ಒಂದು ಸುತ್ತಿನ ಫೀಡ್, r ಎಂದರೆ ನೋಸ್ ರೇಡಿಯಸ್, ಎರಡೂ ಮಿ.ಮೀ.ಗಳಲ್ಲಿ. ಉತ್ತರವೂ ಮಿ.ಮೀ.ಗಳಲ್ಲೇ ಬರುತ್ತದೆ, ಸಾವಿರದಿಂದ ಗುಣಿಸಿದರೆ ಮೈಕ್ರಾನ್. ಫೀಡ್ 0.2, ರೇಡಿಯಸ್ 0.4 ಇದ್ದರೆ ಸುಮಾರು 3.1 ಮೈಕ್ರಾನ್. ಅಂದರೆ ಇಲ್ಲಿ ತಪ್ಪು ಸ್ಪೀಡಿನದಲ್ಲ. 0.8ರ ಇನ್ಸರ್ಟ್ ಹಾಕಿದರೆ ಇದು ಅರ್ಧಕ್ಕಿಳಿಯುತ್ತದೆ, ಫೀಡನ್ನು 0.1 ಮಾಡಿದರೆ ಕಾಲು ಭಾಗಕ್ಕೇ ಇಳಿಯುತ್ತದೆ, ಆದರೆ ಸಮಯ ಎರಡರಷ್ಟು ಬೇಕು.

ಹಾಗಾಗಿ ಗಟ್ಟಿ ಜಾಬ್‌ಗೆ ನಾನು ದೊಡ್ಡ ರೇಡಿಯಸ್ಸನ್ನೇ ಆರಿಸುತ್ತೇನೆ. ಉದ್ದನೆಯ ತೆಳು ಶಾಫ್ಟ್‌ಗೆ ಮಾತ್ರ ಬೇಡ: ದೊಡ್ಡ ಮೂಗು ಜಾಬನ್ನು ಪಕ್ಕಕ್ಕೆ ಒತ್ತಿ ನಡುಕ ಹುಟ್ಟಿಸುತ್ತದೆ. ಅಲ್ಲಿ ಫೀಡ್ ಇಳಿಸಿ. ತೀರಾ ಇಳಿಸಿದರೆ ಟೂಲು ಕತ್ತರಿಸದೆ ಉಜ್ಜತೊಡಗುತ್ತದೆ.

ಸೂತ್ರ ಕೊಡುವುದು ಕನಿಷ್ಠ ಮಿತಿ, ನಿಜವಾದ ಅಳತೆ ತುಸು ಹೆಚ್ಚೇ ಇರುತ್ತದೆ. ಎರಡು ಪಟ್ಟು ಬಂದರೆ ಆಗ ಸ್ಪೀಡ್, ಸವೆದ ಅಂಚು, ತುದಿಗೆ ಅಂಟಿದ ಲೋಹ ಇವನ್ನು ನೋಡಿ. ಆಯಿಲ್ ಸೀಲ್ ಕೂರುವ ಜಾಗವಾದರೆ Rz ಕೂಡ ಅಳೆಯಿರಿ. Ra ಸರಾಸರಿಯಾದ್ದರಿಂದ ಒಂಟಿ ಆಳದ ಗೀರು ಅದರಲ್ಲಿ ಕಾಣುವುದಿಲ್ಲ.