ಅದೇ ಕೆಪಾಸಿಟರ್ ಪ್ಯಾನೆಲ್ ಖಾನಾಪುರದಲ್ಲಿ ಏಕೆ ಉಬ್ಬಿತು?

ಪ್ರಶ್ನೆ: ಬೆಳಗಾವಿ ಉದ್ಯಮಬಾಗ್‌ನ ನಮ್ಮ ಶೆಡ್ಡಿನಲ್ಲಿರುವಂಥದ್ದೇ ಕೆಪಾಸಿಟರ್ ಪ್ಯಾನೆಲ್ಲನ್ನು ಖಾನಾಪುರದ ಹೊಸ ಶೆಡ್ಡಿಗೂ ಹಾಕಿಸಿದೆವು. ಎರಡೂ ಕಡೆ 500 ಕೆವಿಎ ಟಿಸಿ, ಅಷ್ಟೇ ಡ್ರೈವ್‌ಗಳು. ಖಾನಾಪುರದಲ್ಲಿ ಮಾತ್ರ ಫ್ಯೂಸ್ ಹೋಗುತ್ತದೆ, ಕೆಪಾಸಿಟರ್ ಉಬ್ಬುತ್ತದೆ. ಏಕೆ?

ಉತ್ತರ: ಒಂದೇ ಪ್ಯಾನೆಲ್ ಎರಡು ಊರಲ್ಲಿ ಎರಡು ರೀತಿ ನಡೆದರೆ ಗೊಂದಲ ಆಗುವುದು ಸಹಜ. ಮೊದಲು ನಿಮ್ಮ ಪ್ಯಾನೆಲ್ಲಿನ ಲೆಕ್ಕವನ್ನೇ ನೋಡೋಣ. ಪೂರ್ತಿ ಲೋಡು 300 ಕಿಲೋವ್ಯಾಟ್, ಪವರ್ ಫ್ಯಾಕ್ಟರ್ 0.85. ಅದು 0.90ಕ್ಕಿಂತ ಇಳಿದರೆ ಹೆಸ್ಕಾಂನ ಎಚ್‌ಟಿ ಗ್ರಾಹಕರಿಗೆ ಸರ್ಚಾರ್ಜ್ ಬೀಳುತ್ತದೆ, ನೀವು 0.98ಕ್ಕೆ ಏರಿಸಲು ಹೊರಟಿರಿ. 300 × (0.62 − 0.203) ಅಂದರೆ 125 ಕೆವಿಎಆರ್, ತಲಾ 25ರ ಐದು ಸ್ಟೆಪ್. ಇಲ್ಲಿಯವರೆಗೆ ತಪ್ಪಿಲ್ಲ.

ಆದರೆ ಡ್ರೈವ್‌ಗಳು 5, 7, 11, 13ನೇ ಹಾರ್ಮೋನಿಕ್ ಕರೆಂಟನ್ನು ಲೈನಿಗೆ ಬಿಡುತ್ತವೆ. ಕೆಪಾಸಿಟರ್ ಮತ್ತು ಟಿಸಿ ಸೇರಿ ಒಂದು ನಿರ್ದಿಷ್ಟ ಹಾರ್ಮೋನಿಕ್‌ಗೆ ಜೋಕಾಲಿಯಂತೆ ತೂಗತೊಡಗುತ್ತವೆ. ಅದು ಎಷ್ಟನೆಯದು ಎಂದು ಹೀಗೆ ತಿಳಿಯಬಹುದು:

h = √(S/Q)

S ಎಂದರೆ ಪ್ಯಾನೆಲ್ ಇರುವಲ್ಲಿನ ಶಾರ್ಟ್ ಸರ್ಕ್ಯೂಟ್ ಕೆವಿಎ, Q ಎಂದರೆ ಆ ಹೊತ್ತಿಗೆ ಆನ್ ಆಗಿರುವ ಕೆವಿಎಆರ್. 5% ಇಂಪಿಡೆನ್ಸ್‌ನ ನಿಮ್ಮ ಟಿಸಿಗೆ S 10,000. ಖಾನಾಪುರದ ಲೈನಿನ ಫಾಲ್ಟ್ ಲೆವೆಲ್ 100 ಎಂವಿಎ ಎಂದಿಟ್ಟುಕೊಂಡರೆ ಅದು 9,090ಕ್ಕೆ ಇಳಿಯುತ್ತದೆ. ಐದೂ ಸ್ಟೆಪ್ ಆನ್ ಇದ್ದಾಗ h 8.5, 7ಕ್ಕೂ 11ಕ್ಕೂ ನಡುವೆ, ಚಿಂತೆಯಿಲ್ಲ. ಮೂರೇ ಸ್ಟೆಪ್ ಇದ್ದಾಗ Q 75, h 11.0. ನೇರವಾಗಿ 11ನೇ ಹಾರ್ಮೋನಿಕ್ ಮೇಲೆ! ಉದ್ಯಮಬಾಗ್‌ನಲ್ಲಿ ದಿನವಿಡೀ ತುಂಬು ಕೆಲಸವಿದ್ದರೆ ಐದೂ ಸ್ಟೆಪ್ ಆನ್ ಇರುತ್ತವೆ. ಹೊಸ ಶೆಡ್ಡಿನಲ್ಲಿ ಅರ್ಧ ಲೋಡಷ್ಟೇ ಇದ್ದರೆ ರಿಲೇ ಮೂರರ ಮೇಲೇ ನಿಂತುಬಿಡುತ್ತದೆ. ಲೆಕ್ಕವನ್ನು ಒಟ್ಟು ಬ್ಯಾಂಕಿಗೆ ಮಾತ್ರ ಮಾಡಿ, ಸ್ಟೆಪ್ ಸ್ಟೆಪ್ಪಿಗೆ ಮಾಡದಿರುವುದು ನಾನು ಅತಿ ಹೆಚ್ಚು ಕಂಡ ತಪ್ಪು.

ಪರೀಕ್ಷಿಸಲು ರಿಲೇಯನ್ನು ಮ್ಯಾನುವಲ್‌ಗೆ ಹಾಕಿ, ಒಂದೊಂದೇ ಸ್ಟೆಪ್ ಆನ್ ಮಾಡುತ್ತ ಆ ಸ್ಟೆಪ್ಪಿನ ಕೇಬಲ್ಲಿಗೆ ಟ್ರೂ ಆರ್‌ಎಂಎಸ್ ಕ್ಲ್ಯಾಂಪ್ ಮೀಟರ್ ಹಿಡಿಯಿರಿ. 440 ವೋಲ್ಟಿನ 25 ಕೆವಿಎಆರ್‌ಗೆ ಸುಮಾರು 33 ಆಂಪಿಯರ್ ಬರಬೇಕು. ಮೂರನೆಯ ಸ್ಟೆಪ್ ಹಾಕಿದಾಗ ಅದು 43 ದಾಟಿದರೆ ಅನುಮಾನ ಬೇಡ.

ಇಲ್ಲೊಂದು ಗೊಂದಲ ಬಿಡಿಸಬೇಕು. ಡ್ರೈವ್ ಮೇಲಿನ ಮೋಟರ್‌ಗಳ ಎಚ್‌ಪಿಯನ್ನೂ ಕೂಡಿಸಿ ಕೆಪಾಸಿಟರ್ ಲೆಕ್ಕ ಹಾಕುವವರಿದ್ದಾರೆ. ಆ ಮೋಟರಿಗೆ ಬೇಕಾದ ರಿಯಾಕ್ಟಿವ್ ಕರೆಂಟನ್ನು ಡ್ರೈವ್ ಒಳಗೇ ಒದಗಿಸಿಕೊಳ್ಳುತ್ತದೆ, ಲೈನಿನಿಂದ ಎಳೆಯುವುದಿಲ್ಲ. ಹಾರ್ಮೋನಿಕ್‌ನಿಂದ ಕೆಟ್ಟ ಪವರ್ ಫ್ಯಾಕ್ಟರನ್ನು ಕೆಪಾಸಿಟರ್ ಸರಿಮಾಡದು. ಅಳತೆ ಮಾಡಿದ 50 ಹರ್ಟ್ಜ್ ಕೆವಿಎಆರ್ ಮಾತ್ರ ನಂಬಿ. ಡ್ರೈವ್‌ನ ಔಟ್‌ಪುಟ್‌ಗೆ ಕೆಪಾಸಿಟರ್ ಕಟ್ಟಲೇಬೇಡಿ, ಡ್ರೈವ್ ಸುಟ್ಟೀತು.

ಪರಿಹಾರ: ಪ್ರತಿ ಸ್ಟೆಪ್ಪಿಗೂ 7% ಡಿಟ್ಯೂನ್ಡ್ ರಿಯಾಕ್ಟರ್. ಅದರಿಂದ ಪ್ರತಿ ಸ್ಟೆಪ್ 189 ಹರ್ಟ್ಜ್‌ಗೆ ಟ್ಯೂನ್ ಆಗುತ್ತದೆ. ಅದು 5ನೆಯದಾದ 250ರ ಕೆಳಗಿದೆ. ಎಷ್ಟು ಸ್ಟೆಪ್ ಆನ್ ಇದ್ದರೂ ರೆಸೊನೆನ್ಸ್ ಅದಕ್ಕಿಂತ ಮೇಲೇರದು. ಹಳೆಯ 440 ವೋಲ್ಟ್ ಕೆಪಾಸಿಟರ್‌ಗಳನ್ನು ಇದರೊಂದಿಗೆ ಮರಳಿ ಬಳಸುವಂತಿಲ್ಲ. ರಿಯಾಕ್ಟರ್ ಸೇರಿದಾಗ ಅವುಗಳ ಮೇಲಿನ ವೋಲ್ಟೇಜ್ ಶೇಕಡಾ ಏಳೂವರೆ ಏರುತ್ತದೆ. 525 ವೋಲ್ಟಿನವನ್ನು ಹಾಕಿಸಿ. ಖರ್ಚು ಉಳಿಸಲೆಂದು ಎರಡು ಸ್ಟೆಪ್ಪನ್ನು ರಿಯಾಕ್ಟರ್ ಇಲ್ಲದೆ ಬಿಟ್ಟರೆ ಆ ಎರಡೇ ಮತ್ತೆ ಉಬ್ಬುತ್ತವೆ.