ಜಾರಿದ ರೋಗಿಯನ್ನು ಮೇಲಕ್ಕೆ ಸರಿಸುವ ಬಗೆ

ಆಸ್ಪತ್ರೆಯ ಮಂಚದ ಮೇಲೆ ದಿಂಬಿಗೆ ಒರಗಿ ಅರ್ಧ ಕುಳಿತಿರುವ ರೋಗಿಯು ಒಂದೆರಡು ಗಂಟೆಗಳಲ್ಲಿ ತನಗರಿವಿಲ್ಲದೆಯೇ ಕೆಳಕ್ಕೆ ಜಾರಿರುತ್ತಾನೆ. ತಲೆಯು ದಿಂಬನ್ನು ಬಿಟ್ಟು ಇಳಿದಿರುತ್ತದೆ, ಪಾದಗಳು ಮಂಚದ ಕಾಲುಗಡೆಯ ಪಟ್ಟಿಗೆ ತಗುಲಿರುತ್ತವೆ. ದಾದಿಯರಿಬ್ಬರು ಬಂದು, ಆಚೆ ಈಚೆ ನಿಂತು, ಅವನ ಕಂಕುಳಿಗೆ ಕೈ ಕೊಟ್ಟು ಒಂದೇ ಎಳೆತಕ್ಕೆ ಮೇಲಕ್ಕೆ ತರುತ್ತಾರೆ. ಅರ್ಧ ನಿಮಿಷದ ಕೆಲಸ. ದಾದಿಯ ಬೆನ್ನು ಮತ್ತು ರೋಗಿಯ ಚರ್ಮ, ಎರಡೂ ಕೆಡುವುದು ಬಹುಮಟ್ಟಿಗೆ ಈ ಅರ್ಧ ನಿಮಿಷದಲ್ಲಿಯೇ. ಅದು ಹೇಗೆಂಬುದನ್ನು ಪರಿಶೀಲಿಸಲು ಪ್ರೌಢಶಾಲೆಯಲ್ಲಿ ಕಲಿತ ಸನ್ನೆಯ ತತ್ತ್ವ ಮತ್ತು ಘರ್ಷಣೆಯ ಪಾಠ ನಮಗೆ ಸಾಕು.

ಮೊದಲು ಬೆನ್ನನ್ನು ನೋಡೋಣ. ನಾವು ಮುಂದಕ್ಕೆ ಬಾಗಿದಾಗ ಸೊಂಟದ ಕೆಳತುದಿಯಲ್ಲಿರುವ ಬೆನ್ನುಮಣಿಗಳ ನಡುವಣ ಬಿಲ್ಲೆಯು ಸನ್ನೆಯ ಆನಿಕೆಯಾಗುತ್ತದೆ. ಅದರ ಮುಂಭಾಗದಲ್ಲಿ ನಮ್ಮ ಮೇಲ್ಮೈಯ ಭಾರವೂ ಕೈಯಲ್ಲಿರುವ ಹೊರೆಯೂ ಇವೆ. ಹಿಂಭಾಗದಲ್ಲಿ ಇವೆರಡನ್ನೂ ತಡೆದು ಹಿಡಿಯತಕ್ಕ ಬೆನ್ನಿನ ಸ್ನಾಯುಗಳಿವೆ. ಆದರೆ ಈ ಸ್ನಾಯುಗಳು ಆನಿಕೆಯಿಂದ ಕೇವಲ 5 ಸೆಂಟಿಮೀಟರಿನಷ್ಟು ಹಿಂದಿವೆ. ಇಷ್ಟು ಗಿಡ್ಡ ತೋಳಿನ ಸನ್ನೆಯನ್ನು ಯಾವ ಕಮ್ಮಾರನೂ ಮಾಡಲಾರನು.

60 ಕಿಲೋಗ್ರಾಂ ತೂಕದ ದಾದಿಯೊಬ್ಬಳು 45 ಡಿಗ್ರಿಯಷ್ಟು ಬಾಗಿ, ತೋಳು ಚಾಚಿ, 15 ಕಿಲೋಗ್ರಾಂ ಹೊರೆಯನ್ನು ಎತ್ತುತ್ತಿರುವಳೆಂದಿಟ್ಟುಕೊಳ್ಳೋಣ. ಸೊಂಟದಿಂದ ಮೇಲಿನ ಅವಳ ಶರೀರಭಾರ ಸುಮಾರು 36 ಕಿಲೋಗ್ರಾಂ. ಬಾಗಿದಾಗ ಇದರ ಗುರುತ್ವಕೇಂದ್ರವು ಆನಿಕೆಯಿಂದ ಸುಮಾರು 25 ಸೆಂಟಿಮೀಟರು ಮುಂದೆ ಬರುತ್ತದೆ. ಹೊರೆಯು 50 ಸೆಂಟಿಮೀಟರು ದೂರದಲ್ಲಿದೆ. ಆಗ 36ನ್ನು 25ರಿಂದಲೂ 15ನ್ನು 50ರಿಂದಲೂ ಗುಣಿಸಿ ಕೂಡಿದರೆ 1650 ಆಗುತ್ತದೆ. ಇದನ್ನು 5ರಿಂದ ಭಾಗಿಸಿದರೆ ಸ್ನಾಯುಗಳು ಎಳೆಯಬೇಕಾದ ಬಲವು 330 ಕಿಲೋಗ್ರಾಂ ಭಾರಕ್ಕೆ ಸಮನೆಂದು ತಿಳಿಯುತ್ತದೆ. ಶರೀರದ ಮತ್ತು ಹೊರೆಯ ಭಾರದಲ್ಲಿ ಬೆನ್ನಿನ ಉದ್ದಕ್ಕೆ ಬೀಳುವ ಪಾಲನ್ನೂ ಸೇರಿಸಿದರೆ ಬಿಲ್ಲೆಯ ಮೇಲಿನ ಒತ್ತಡ ಸುಮಾರು 366 ಕಿಲೋಗ್ರಾಂ.

ಅದೇ ದಾದಿ ಅದೇ ಹೊರೆಯನ್ನು ಬೆನ್ನು ನೆಟ್ಟಗಿರಿಸಿ, ಮೈಗೆ ಹತ್ತಿರ, 25 ಸೆಂಟಿಮೀಟರು ದೂರದಲ್ಲಿ ಹಿಡಿದಳೆನ್ನೋಣ. ಅವಳ ಮೇಲ್ಮೈಯ ಗುರುತ್ವಕೇಂದ್ರ ಈಗ ಆನಿಕೆಯಿಂದ 5 ಸೆಂಟಿಮೀಟರು ಮಾತ್ರ ಮುಂದಿದೆ. ಲೆಕ್ಕವನ್ನು ಪುನಃ ಮಾಡಿದರೆ ಸ್ನಾಯುಬಲ 111 ಕಿಲೋಗ್ರಾಂ, ಒಟ್ಟು ಒತ್ತಡ 162 ಕಿಲೋಗ್ರಾಂ. ಹೊರೆ ಬದಲಾಗಲಿಲ್ಲ, ದೂರ ಬದಲಾಯಿತು, ಅಷ್ಟೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಷ್ ಈ ಒತ್ತಡಕ್ಕೆ ಇಟ್ಟಿರುವ ಎಚ್ಚರಿಕೆಯ ಮೇರೆ 3400 ನ್ಯೂಟನ್, ಎಂದರೆ ಸುಮಾರು 347 ಕಿಲೋಗ್ರಾಂ ಭಾರ. ಬಾಗಿದ ದಾದಿಯು ಅದನ್ನು ದಾಟಿದ್ದಾಳೆ, ನೆಟ್ಟಗೆ ನಿಂತವಳು ಅದರ ಅರ್ಧಕ್ಕೂ ಕೆಳಗಿದ್ದಾಳೆ.

ಆದರೆ ಇಷ್ಟರಿಂದ ‘ಬೆನ್ನು ನೆಟ್ಟಗಿಟ್ಟುಕೊಂಡು ಎತ್ತಿದರೆ ಸರಿ’ ಎಂದು ತೀರ್ಮಾನಿಸಬಾರದು. ಬಹುಕಾಲ ದಾದಿಯರಿಗೆ ಹಾಗೆಯೇ ಕಲಿಸಲಾಯಿತು, ಆದರೂ ಅವರ ಬೆನ್ನುನೋವು ತಗ್ಗಲಿಲ್ಲ. ಕಾರಣ ಸ್ಪಷ್ಟವಾಗಿದೆ. ಮೂಟೆಯನ್ನು ಮೈಗೆ ಅಪ್ಪಿ ಎತ್ತಬಹುದು. ಮಂಚದ ನಡುವೆ ಮಲಗಿರುವ ಮನುಷ್ಯನನ್ನು ಹಾಗೆ ಅಪ್ಪಲು ಬರುವುದಿಲ್ಲ. ಮಂಚದ ಅಂಚು ಅಡ್ಡ ನಿಲ್ಲುತ್ತದೆ. ಮೂಟೆಗೆ ಹಿಡಿಯಲು ಅಂಚುಂಟು, ಮೂಟೆ ಹೆದರಿ ಕೊರಳನ್ನು ಹಿಡಿದುಕೊಳ್ಳುವುದಿಲ್ಲ. ರೋಗಿಯ ವಿಷಯದಲ್ಲಿ ಎಲ್ಲವೂ ಅನುಕೂಲವಾಗಿರುವಾಗಲೂ ಒಬ್ಬರು ಎತ್ತತಕ್ಕ ಭಾರ 35 ಪೌಂಡು, ಎಂದರೆ ಸುಮಾರು 16 ಕಿಲೋಗ್ರಾಂ ಮೀರಬಾರದೆಂದು ಆ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಸೂಚಿಸಿದರು. 60 ಕಿಲೋಗ್ರಾಂ ತೂಕದ ರೋಗಿಯನ್ನು ಇಬ್ಬರು ಎತ್ತಿದರೆ ತಲೆಗೆ 30 ಕಿಲೋಗ್ರಾಂ ಬರುತ್ತದೆ. ಆದ್ದರಿಂದ ಪ್ರಶ್ನೆಯು ‘ಹೇಗೆ ಎತ್ತಬೇಕು’ ಎಂಬುದಲ್ಲ, ‘ಎತ್ತದೆಯೇ ಹೇಗೆ ಸರಿಸಬೇಕು’ ಎಂಬುದು.

ಇನ್ನು ರೋಗಿಯ ಚರ್ಮ. ವಾಚಕರು ಒಂದು ಚಿಕ್ಕ ಪ್ರಯೋಗ ಮಾಡಿ ನೋಡಬಹುದು. ಅಂಗೈಯನ್ನು ಮೇಜಿನ ಮೇಲೆ ಬಲವಾಗಿ ಒತ್ತಿ, ಜಾರದ ಹಾಗೆ ಮುಂದಕ್ಕೆ ನೂಕಿರಿ. ಚರ್ಮ ಮೇಜಿಗೆ ಕಚ್ಚಿಕೊಂಡಿರುತ್ತದೆ, ಒಳಗಿನ ಎಲುಬು ಮಾತ್ರ ತುಸು ಮುಂದೆ ಸರಿಯುತ್ತದೆ. ಒರಗಿ ಕುಳಿತ ರೋಗಿಯಲ್ಲಿ ನಡೆಯುವುದೂ ಇದೇ. ಟೊಂಕದ ಹಿಂದಿನ ತ್ರಿಕಾಸ್ಥಿಯು ಶರೀರದೊಡನೆ ಕೆಳಕ್ಕೆ ಜಾರುತ್ತದೆ, ಅದರ ಮೇಲಿನ ಚರ್ಮ ಬೆವರಿನಿಂದ ಒದ್ದೆಯಾದ ಹಾಸುಬಟ್ಟೆಗೆ ಅಂಟಿ ಹಿಂದುಳಿಯುತ್ತದೆ. ಇವೆರಡರ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಎಳೆಯಲ್ಪಟ್ಟು, ಬಾಗಿ, ಮುಚ್ಚಿಹೋಗುತ್ತವೆ. ಇದನ್ನು ನಾವು ಜಾರುಸೆಳೆತವೆಂದು ಕರೆಯೋಣ. ನೇರವಾದ ಒತ್ತಡ ಮತ್ತು ಈ ಸೆಳೆತ ಎರಡೂ ಕೂಡಿದಾಗ, ಒತ್ತಡವೊಂದೇ ಇದ್ದಾಗ ಬೇಕಾಗುವುದಕ್ಕಿಂತ ಕಡಮೆ ಹೊತ್ತಿನಲ್ಲಿ ಮಾಂಸವು ಸಾಯುತ್ತದೆ. ಹೀಗೆ ಹುಟ್ಟುವ ಹಾಸಿಗೆಹುಣ್ಣು ಕೆಲವೊಮ್ಮೆ ಎಲುಬಿನ ಬಳಿ ಮೊದಲಾಗಿ ಹೊರಕ್ಕೆ ಬರುತ್ತದೆ. ಹೊರಗೆ ಕಾಣುವ ಹೊತ್ತಿಗೆ ಒಳಗೆ ಹಾನಿಯಾಗಿ ಮುಗಿದಿರುತ್ತದೆ.

ಕಂಕುಳು ಹಿಡಿದು ಎಳೆದಾಗ ಈ ಸೆಳೆತವೇ ತಿರುಗುಮುರುಗಾಗಿ, ಇನ್ನೂ ಬಿರುಸಾಗಿ ನಡೆಯುತ್ತದೆ. ಹಾಸಿಗೆಗೂ ಮೈಗೂ ನಡುವಣ ಘರ್ಷಣೆಯು ಭಾರದ ಅರ್ಧದಷ್ಟಿದ್ದರೆ, 60 ಕಿಲೋಗ್ರಾಂ ರೋಗಿಯನ್ನು ಸರಿಸಲು 30 ಕಿಲೋಗ್ರಾಂ ಬಲ ಬೇಕು. ಆ ಬಲದ ಪೂರ್ತಿ ತಿಕ್ಕಾಟವನ್ನು ತಾಳುವುದು ಟೊಂಕದ, ಹಿಮ್ಮಡಿಯ ಮತ್ತು ಮೊಳಕೈಯ ಚರ್ಮ. ಅಲ್ಲಿಗೆ ದಾದಿಯ ಕಷ್ಟವೂ ರೋಗಿಯ ಕಷ್ಟವೂ ಒಂದೇ ಮೂಲದಿಂದ ಹೊರಟಂತಾಯಿತು. ಘರ್ಷಣೆಯನ್ನು ತಗ್ಗಿಸಿದರೆ ಇಬ್ಬರಿಗೂ ಲಾಭ.

ಈಗ ಒಂದು ಪ್ರಸಂಗವನ್ನು ತೆಗೆದುಕೊಳ್ಳೋಣ. ಪಾರ್ಶ್ವವಾಯುವಿನಿಂದ ಎಡಭಾಗ ಸ್ವಾಧೀನ ತಪ್ಪಿದ, 60 ಕಿಲೋಗ್ರಾಂ ತೂಕದ ಒಬ್ಬ ವೃದ್ಧರು ಕೆಳಕ್ಕೆ ಜಾರಿದ್ದಾರೆ. ಅವರ ಎಡಭುಜದ ಸ್ನಾಯುಗಳು ಸಡಿಲವಾಗಿವೆ. ಕಂಕುಳಿಗೆ ಕೈ ಕೊಟ್ಟು ಎಳೆದರೆ ಭುಜದ ಕೀಲು ಗೂಡಿನಿಂದ ಜಾರಬಹುದು. ಆದ್ದರಿಂದ ಆ ಮಾರ್ಗ ಮೊದಲೇ ಮುಚ್ಚಿದೆ.

ದಾದಿಯರಿಬ್ಬರು ಮೊದಲು ಮಾಡುವ ಕೆಲಸ ಮಂಚದ ಗಾಲಿಗಳ ಬಿರಿಯನ್ನು ಹಾಕುವುದು. ಬಳಿಕ ಮಂಚವನ್ನು ತಮ್ಮ ಸೊಂಟದ ಮಟ್ಟಕ್ಕೆ ಏರಿಸುತ್ತಾರೆ, ತಲೆಭಾಗವನ್ನು ಇಳಿಸಿ ಚಪ್ಪಟೆ ಮಾಡುತ್ತಾರೆ. ಒರಗುಭಾಗ ಎತ್ತಿರುವಾಗಲೇ ಮೇಲಕ್ಕೆ ಸರಿಸುವುದೆಂದರೆ ಗುಡ್ಡದ ಮೇಲೆ ಬಂಡಿಯನ್ನು ನೂಕಿದಂತೆ. 30 ಡಿಗ್ರಿಯ ಇಳಿಜಾರಿನಲ್ಲಿ, ಅದರ ಮೇಲೆ ಒರಗಿರುವ ಭಾರದ ಅರ್ಧವು ಕೆಳಮುಖವಾಗಿ ಎಳೆಯುತ್ತಿರುತ್ತದೆ. ಆದರೆ ಉಸಿರಾಟದ ತೊಂದರೆಯಿರುವವರನ್ನು ಪೂರ್ತಿ ಚಪ್ಪಟೆಯಾಗಿ ಮಲಗಿಸಬಾರದು. ಮೂಗಿನ ನಳಿಕೆಯಿಂದ ಆಹಾರ ಹೋಗುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು, ಇಲ್ಲವಾದರೆ ಅದು ಶ್ವಾಸಕೋಶಕ್ಕೆ ನುಗ್ಗುವ ಭಯವುಂಟು. ದಿಂಬನ್ನು ತೆಗೆದು ಮಂಚದ ತಲೆಪಟ್ಟಿಗೆ ಆನಿಸಿ ನಿಲ್ಲಿಸುತ್ತಾರೆ, ತಲೆ ಅಲ್ಲಿಗೆ ತಗುಲಿದರೂ ಪೆಟ್ಟಾಗದು.

ಅನಂತರ ವೃದ್ಧರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಅರ್ಧ ಸುತ್ತಿದ ಜಾರುಹಾಳೆಯನ್ನು ಬೆನ್ನಿಗೆ ಒತ್ತಾಗಿ ಇಡುತ್ತಾರೆ. ಇನ್ನೊಂದು ಮಗ್ಗುಲಿಗೆ ಹೊರಳಿಸಿ ಸುರುಳಿಯನ್ನು ಬಿಡಿಸಿಕೊಳ್ಳುತ್ತಾರೆ. ನಯವಾದ ನೈಲಾನಿನ ಈ ಹಾಳೆಯು ಎರಡು ಪದರಗಳಾಗಿರುತ್ತದೆ. ಪದರ ಪದರದ ಮೇಲೆ ಜಾರುವುದರಿಂದ ಚರ್ಮದ ಮೇಲೆ ತಿಕ್ಕಾಟ ಬೀಳುವುದಿಲ್ಲ. ಹಾಳೆಯು ಭುಜದಿಂದ ತೊಡೆಯವರೆಗಾದರೂ ಬರಬೇಕು. ಮೋಟಾದರೆ ಟೊಂಕ ಹಾಸಿಗೆಯ ಮೇಲೆಯೇ ಉಜ್ಜುತ್ತದೆ, ಮಾಡಿದ್ದೆಲ್ಲ ವ್ಯರ್ಥ.

ಸ್ವಾಧೀನವಿಲ್ಲದ ಎಡಗೈಯನ್ನು ಎದೆಯ ಮೇಲಿಟ್ಟು, ಹಿರಿಯ ದಾದಿ ಹೇಳುತ್ತಾಳೆ: “ಅಜ್ಜಾ, ನಿಮ್ಮನ್ನು ಮೇಲಕ್ಕೆ ಸರಿಸುತ್ತೇವೆ. ಬಲಗಾಲು ಮಡಿಸಿ ಪಾದ ಊರಿಕೊಳ್ಳಿ. ಗದ್ದವನ್ನು ಎದೆಗೆ ತನ್ನಿ. ಮೂರು ಎಂದಾಗ ಕಾಲಿನಿಂದ ನೂಕಿ.” ಇದು ಕೇವಲ ಸೌಜನ್ಯವಲ್ಲ. ರೋಗಿಯ ಒಂದು ಕಾಲು ಕೊಡುವ ನೂಕು ದಾದಿಯರ ಬೆನ್ನಿನ ಮೇಲಿನ ಹೊರೆಯಿಂದ ಕಳೆದುಹೋಗುತ್ತದೆ, ಗದ್ದವನ್ನು ಮಡಿಸಿದಾಗ ತಲೆ ಹಿಂದಕ್ಕೆ ಜಗ್ಗುವುದಿಲ್ಲ.

ಇಬ್ಬರೂ ಹಾಳೆಯ ಅಂಚನ್ನು ರೋಗಿಯ ಮೈಗೆ ಹತ್ತಿರ, ಭುಜದ ಮತ್ತು ಟೊಂಕದ ಬಳಿ ಹಿಡಿಯುತ್ತಾರೆ. ಮಂಚದ ತಲೆಯ ಕಡೆಗೆ ಒಂದು ಪಾದವನ್ನು ಮುಂದಿಟ್ಟು, ಮೊಣಕಾಲು ತುಸು ಬಗ್ಗಿಸಿ ನಿಲ್ಲುತ್ತಾರೆ. “ಒಂದು, ಎರಡು, ಮೂರು” ಎಂದೊಡನೆ ತೋಳನ್ನು ಬಳಸದೆ ಶರೀರದ ಭಾರವನ್ನು ಹಿಂಗಾಲಿನಿಂದ ಮುಂಗಾಲಿಗೆ ದಾಟಿಸುತ್ತಾರೆ. ಕೆಲಸ ಮಾಡುವುದು ತೊಡೆಯ ದೊಡ್ಡ ಸ್ನಾಯುಗಳು, ಬೆನ್ನು ತಿರುಚುವುದಿಲ್ಲ. ಘರ್ಷಣೆ ಅರ್ಧದಿಂದ ಐದನೆಯ ಒಂದು ಪಾಲಿಗೆ ಇಳಿದಿದೆಯೆಂದು ಭಾವಿಸಿದರೆ, ಬೇಕಾದ ಒಟ್ಟು ಬಲ 12 ಕಿಲೋಗ್ರಾಂ, ತಲೆಗೆ 6. ಒಂದೇ ಸಲಕ್ಕೆ ಸರಿಯದಿದ್ದರೆ ಎರಡು ಸಲ ಸರಿಸುತ್ತಾರೆ. ಗಡಿಬಿಡಿಯ ಒಂದು ಜಗ್ಗುವಿಕೆಗಿಂತ ಎರಡು ನಿಧಾನದ ಸರಿತ ಮೇಲು.

ಜಾರುಹಾಳೆಯನ್ನು ಅಲ್ಲಿಯೇ ಬಿಡಕೂಡದು, ಬಿಟ್ಟರೆ ರೋಗಿಯು ಇನ್ನೂ ಬೇಗ ಜಾರುವನು. ಅದರ ಮೂಲೆಯನ್ನು ಅದರ ಅಡಿಗೇ ಮಡಿಸಿ, ಹಾಸಿಗೆಗೆ ತಾಗಿಸಿಕೊಂಡು ಮೆಲ್ಲನೆ ಸೆಳೆಯುತ್ತಾರೆ. ಬಳಿಕ ಮೊಣಕಾಲಿನ ಭಾಗವನ್ನು ಮೊದಲು ಏರಿಸಿ, ಆಮೇಲೆ ತಲೆಭಾಗವನ್ನು 30 ಡಿಗ್ರಿ ಮೀರದಂತೆ ಎತ್ತುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ, ಮೊಣಕಾಲಿನ ತಡೆ ಸಿದ್ಧವಾಗುವುದರೊಳಗೆ ಜಾರಿಕೆ ಆರಂಭವಾಗಿರುತ್ತದೆ. ಊಟಕ್ಕಾಗಿ ಹೆಚ್ಚು ಎತ್ತಬೇಕಾದರೆ ಎತ್ತಲಿ, ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ ಇಳಿಸಲಿ.

ಹೊರಳಿಸಿದ ಸಮಯದಲ್ಲಿಯೇ ಬೆನ್ನಿನ ಚರ್ಮವನ್ನು ನೋಡಿಬಿಡುವುದು ಜಾಣತನ. ಟೊಂಕದ ಮೇಲೆ ಕೆಂಪು ಕಂಡರೆ ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಬಿಡಬೇಕು. ಒತ್ತಿದಾಗ ಬಿಳುಪೇರಿ, ಬಿಟ್ಟೊಡನೆ ಮತ್ತೆ ಕೆಂಪಾದರೆ ರಕ್ತ ಓಡುತ್ತಿದೆ. ಒತ್ತಿದರೂ ಕೆಂಪು ಹಾಗೆಯೇ ಇದ್ದರೆ ಅದು ಹುಣ್ಣಿನ ಮೊದಲ ಹಂತ. ನಮ್ಮ ನಾಡಿನ ಕಂದು ಮತ್ತು ಕಪ್ಪು ಮೈಬಣ್ಣದಲ್ಲಿ ಈ ಪರೀಕ್ಷೆ ಅನೇಕ ವೇಳೆ ಕೈಕೊಡುತ್ತದೆ. ಪಕ್ಕದ ಚರ್ಮಕ್ಕಿಂತ ಬಿಸಿ ಅಥವಾ ತಣ್ಣಗೆ, ಗಟ್ಟಿ ಅಥವಾ ಮೆತ್ತಗೆ ಇದೆಯೇ, ನೇರಿಳೆಯ ಛಾಯೆ ಇದೆಯೇ, ನೋವಿದೆಯೇ ಎಂದು ಕೈಯಿಂದಲೇ ನೋಡಬೇಕು. ಅಂಥ ಸ್ಥಳವನ್ನು ತಿಕ್ಕಿ ನೀವಬಾರದು, ನೀವಿದರೆ ಒಳಗಿನ ಹಾನಿ ಹೆಚ್ಚುತ್ತದೆ. ಹಿಂದೆ ಬಳಸುತ್ತಿದ್ದ ರಬ್ಬರಿನ ಗಾಳಿಬಳೆಯೂ ಬೇಡ, ಅದರ ಅಂಚು ಸುತ್ತಲಿನ ರಕ್ತನಾಳಗಳನ್ನೇ ಅಮುಕುತ್ತದೆ.

ಮನೆಯಲ್ಲಿ ಮಂಚ ತಗ್ಗು, ಏರಿಸುವ ಯಂತ್ರವಿಲ್ಲ, ಜಾರುಹಾಳೆಯೂ ಇಲ್ಲ. ಆಗ ಎರಡಾಗಿ ಮಡಿಸಿದ ದುಪ್ಪಟಿಯನ್ನು ಮೈಯಡಿ ಹಾಸಿ, ಅಂಚನ್ನು ಬಿಗಿಯಾಗಿ ಸುತ್ತಿ ಹಿಡಿದು ಸರಿಸಬಹುದು. ತಗ್ಗು ಮಂಚಕ್ಕೆ ಬಾಗುವ ಬದಲು ಒಂದು ಮೊಣಕಾಲನ್ನು ಮಂಚದ ಮೇಲೆ ಊರಿದರೆ ದೂರ ಕಡಮೆಯಾಗುತ್ತದೆ. ಹತ್ತಿಬಟ್ಟೆ ನೈಲಾನಿನಷ್ಟು ಜಾರದು, ಆದ್ದರಿಂದ ರೋಗಿಯು ಸ್ವಲ್ಪವೂ ಸಹಕರಿಸಲಾರದವನಾದರೆ ಅಥವಾ ಸ್ಥೂಲಕಾಯನಾದರೆ ಇಬ್ಬರಿಗೆ ಸಾಲದು. ಮೂರು ನಾಲ್ಕು ಜನರನ್ನು ಕರೆಯಬೇಕು. ಆಸ್ಪತ್ರೆಯಲ್ಲಾದರೆ ಜೋಲಿಯುಳ್ಳ ಎತ್ತುಯಂತ್ರವನ್ನು ತರಬೇಕು. ಸೊಂಟಕ್ಕೆ ಬಿಗಿಯುವ ಪಟ್ಟಿಯನ್ನು ನಂಬಿ ಎತ್ತಲು ಹೊರಡುವವರಿದ್ದಾರೆ. ಆ ಪಟ್ಟಿಯು ಸನ್ನೆಯ ತೋಳನ್ನು ಒಂದು ಸೆಂಟಿಮೀಟರೂ ಉದ್ದ ಮಾಡುವುದಿಲ್ಲ.

ವೃದ್ಧರು ಈಗ ಸರಿಯಾದ ಸ್ಥಾನದಲ್ಲಿದ್ದಾರೆ. ಉಳಿದಿರುವುದು ಹಿಮ್ಮಡಿ. ಮೀನಖಂಡದ ಉದ್ದಕ್ಕೂ ಒಂದು ದಿಂಬನ್ನಿಟ್ಟು, ಹಿಮ್ಮಡಿಗಳು ಹಾಸಿಗೆಗೆ ತಾಗದೆ ತೇಲುವಂತೆ ಮಾಡಿ, ಅಡಿಯಲ್ಲಿ ಕೈಯಾಡಿಸಿ ನೋಡಿ, ದಾದಿಯರು ಗಂಟೆಯನ್ನು ಬರೆದಿಡುತ್ತಾರೆ. ಸಾಮಾನ್ಯ ರೂಢಿಯಂತೆ ಎರಡು ಗಂಟೆಗಳ ನಂತರ ಮಗ್ಗುಲು ಬದಲಿಸಬೇಕು. ಚರ್ಮದ ಮೇಲಿನ ಕೆಂಪು ಅಷ್ಟರಲ್ಲಿ ಮಾಯವಾಗದಿದ್ದರೆ ಅದಕ್ಕಿಂತಲೂ ಮುಂಚೆಯೇ.