ಕೊಟೇಶನ್ ಕಳಿಸಿ ಹದಿನಾಲ್ಕು ದಿನ

ಪ್ರೀತಿಯ ತಮ್ಮನಿಗೆ,

ನಿನ್ನ ಪತ್ರ ಓದಿದೆ. ಬೆಂಗಳೂರಿನ 96 ಮನೆಗಳ ಅಪಾರ್ಟ್‌ಮೆಂಟಿಗೆ ಮಳೆನೀರು ಕೊಯ್ಲಿನ ಕೊಟೇಶನ್ ಕಳಿಸಿ 14 ದಿನವಾಯಿತು, ಸೆಕ್ರೆಟರಿ ಮೇಡಂ ಫೋನ್ ಎತ್ತುತ್ತಿಲ್ಲ, ವಾಟ್ಸ್ಆಪ್ ನೋಡಿದ್ದಾರೆ ಆದರೆ ಉತ್ತರವಿಲ್ಲ, ರೇಟ್ ಇಳಿಸಿ ಇನ್ನೊಂದು ಕೊಟೇಶನ್ ಕಳಿಸಲೇ ಎಂದು ಕೇಳಿದ್ದೀಯ. ಕಳಿಸಬೇಡ.

ಆ ತಪ್ಪು ನಾನು ಮಾಡಿದ್ದೇನೆ. ಪ್ಲಂಬಿಂಗ್ ಕಾಂಟ್ರ್ಯಾಕ್ಟ್ ಹಿಡಿಯಲು ಶುರುಮಾಡಿದ ಎರಡನೇ ವರ್ಷ ಒಂದು ಹಾಸ್ಟೆಲ್ಲಿನ ಕೆಲಸಕ್ಕೆ ಕೊಟೇಶನ್ ಕೊಟ್ಟಿದ್ದೆ. ಹತ್ತು ದಿನ ಸುದ್ದಿಯಿಲ್ಲ. ಕೆಲಸ ಕೈತಪ್ಪಿತೆಂದು ಹೆದರಿ, ಯಾರೂ ಕೇಳದಿದ್ದರೂ ನೂರಕ್ಕೆ ಹತ್ತು ಇಳಿಸಿ ಇನ್ನೊಂದು ಕಾಗದ ಕಳಿಸಿದೆ. ಆಮೇಲೆ ತಿಳಿಯಿತು, ಅವರ ಅಕೌಂಟೆಂಟ್ ಮಗಳ ಮದುವೆಗೆಂದು ರಜೆ ಹಾಕಿದ್ದರು, ನನ್ನ ಲಕೋಟೆಯನ್ನು ಯಾರೂ ಒಡೆದಿರಲೇ ಇಲ್ಲ. ಮಾಲೀಕರು ಎರಡೂ ಕಾಗದ ಒಟ್ಟಿಗೆ ನೋಡಿ, "ಹಾಗಾದರೆ ಮೊದಲನೆಯದರಲ್ಲಿ ಹತ್ತು ಪರ್ಸೆಂಟ್ ಸುಮ್ಮನೆ ಸೇರಿಸಿದ್ದಿರಾ?" ಎಂದರು. ಚೌಕಾಸಿ ಎರಡನೇ ರೇಟಿನಿಂದ ಶುರುವಾಯಿತು. ಕೆಲಸವೇನೋ ಸಿಕ್ಕಿತು, ಆದರೆ ಕೂಲಿ ಕೊಟ್ಟು ನನ್ನ ಕೈಗೆ ಏನೂ ಉಳಿಯಲಿಲ್ಲ.

ಮೌನಕ್ಕೆ ರೇಟೇ ಕಾರಣ ಎಂದು ನೀನು ಊಹಿಸಿದ್ದೀಯ. ಕೊಟೇಶನ್ ಈಗ ಯಾರ ಕೈಯಲ್ಲಿದೆ ಎಂದು ಮೊದಲು ತಿಳಿದುಕೋ. ಅಪಾರ್ಟ್‌ಮೆಂಟಿನಲ್ಲಿ ಸೆಕ್ರೆಟರಿ ಒಬ್ಬರೇ ಹೂಂ ಅನ್ನುವ ಹಾಗಿಲ್ಲ. ಅವರೂ ಎಲ್ಲೋ ಕೆಲಸಕ್ಕೆ ಹೋಗುವವರು, ಅಸೋಸಿಯೇಶನ್ ಕೆಲಸ ರಾತ್ರಿ ಊಟವಾದ ಮೇಲೆ ನೋಡುವವರು. ಸಾಮಾನ್ಯವಾಗಿ ಕಮಿಟಿ ತಿಂಗಳಿಗೊಮ್ಮೆ ಸೇರುತ್ತದೆ. ಮೂರು ಕೊಟೇಶನ್ ಇಲ್ಲದೆ ಖಜಾಂಚಿ ವಿಷಯವನ್ನೇ ಎತ್ತುವುದಿಲ್ಲ. ಕಾರ್ಪಸ್ ಫಂಡಿನಿಂದ ದುಡ್ಡು ತೆಗೆಯಬೇಕಾದರೆ ಎಷ್ಟೋ ಕಡೆ ಸರ್ವ ಸದಸ್ಯರ ಸಭೆಯೇ ಒಪ್ಪಬೇಕು. ನೀನು ಕಳಿಸಿದ್ದು ಸಭೆ ಮುಗಿದ ಮರುದಿನವಾಗಿದ್ದರೆ, ಈ 14 ದಿನದಲ್ಲಿ ಅಲ್ಲಿ ಏನೂ ನಡೆದಿರಲಾರದು. ಮೇಡಂಗೆ ಹೇಳಲು ಸುದ್ದಿಯೇ ಇಲ್ಲ, ಅದಕ್ಕೇ ಫೋನ್ ಎತ್ತಲು ಮುಜುಗರ.

ಆದ್ದರಿಂದ "ಏನಾಯ್ತು ಮೇಡಂ?" ಎಂದು ಕೇಳುವುದನ್ನು ಬಿಡು. ಆ ಪ್ರಶ್ನೆಗೆ ಅವರ ಹತ್ತಿರ ಉತ್ತರವಿಲ್ಲ. ಅವರು ಒಂದೇ ಸಾಲಿನಲ್ಲಿ ಉತ್ತರಿಸಬಹುದಾದದ್ದನ್ನು ಕೇಳು. ಹೀಗೆ ಬರೆ:

"ನಮಸ್ಕಾರ ಮೇಡಂ. ಏಪ್ರಿಲ್ 10ರಂದು ಕಳಿಸಿದ ಮಳೆನೀರು ಕೊಯ್ಲಿನ ಕೊಟೇಶನ್ ಬಗ್ಗೆ. ಮುಂದಿನ ಕಮಿಟಿ ಮೀಟಿಂಗ್ ಯಾವ ದಿನ? ಸದಸ್ಯರಿಗೆ ತೋರಿಸಲು ಅನುಕೂಲವಾಗಲಿ ಎಂದು ಎಲ್ಲವನ್ನೂ ಒಂದು ಪುಟಕ್ಕೆ ಇಳಿಸಿ ಇದರ ಜೊತೆ ಇಟ್ಟಿದ್ದೇನೆ."

ಇಷ್ಟು ಸಾಕು. ಜೀವ ಇರುವುದು ಆ ಒಂದು ಪುಟದಲ್ಲಿ. ನಿನ್ನ ಕೊಟೇಶನ್ ತೆರೆದು ನೋಡಿದೆ, ಬೇಜಾರು ಮಾಡಿಕೊಳ್ಳಬೇಡ. ಏಳು ಪುಟ, ಒಟ್ಟು ಮೊತ್ತ ಆರನೇ ಪುಟದಲ್ಲಿ. ಪೈಪಿನ ಅಳತೆ, ಫಿಲ್ಟರಿನ ಜಾತಿ, ಇಂಗುಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಎಲ್ಲವೂ ಸರಿಯಾಗಿದೆ. ಆದರೆ ಸಭೆಯಲ್ಲಿ ಮೇಡಂ ಎದ್ದು ನಿಂತಾಗ ಮೂರನೇ ಮಹಡಿಯ ಯಜಮಾನರು ಕೇಳುವುದು ಎರಡೇ ಮಾತು: ಮನೆಗೆ ಎಷ್ಟು ಬೀಳುತ್ತದೆ, ಇದರಿಂದ ಟ್ಯಾಂಕರ್ ಎಷ್ಟು ಕಡಿಮೆಯಾಗುತ್ತದೆ. ಏಳು ಪುಟದಲ್ಲಿ ಈ ಎರಡಕ್ಕೂ ಉತ್ತರವಿಲ್ಲ.

ಲೆಕ್ಕ ನೀನೇ ಮಾಡಿ ಕೊಡು. ನಿನ್ನ ಮೊತ್ತ 6,80,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ 1,22,400, ಒಟ್ಟು 8,02,400. ಇದನ್ನು 96ರಿಂದ ಭಾಗಿಸಿದರೆ ಮನೆಗೆ ಸುಮಾರು 8,360 ರೂಪಾಯಿ. ಎಂಟು ಲಕ್ಷ ಎಂದೊಡನೆ ಹೌಹಾರುವ ಸಭೆ, ಎಂಟು ಸಾವಿರ ಎಂದಾಗ ಕೂತು ಮಾತಾಡುತ್ತದೆ.

ಇನ್ನು ನೀರು. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಅಲ್ಲಿನ ತಾರಸಿ 1,500 ಚದರ ಮೀಟರ್. 30 ಮಿಲಿಮೀಟರಿನ ಒಂದು ಜೋರು ಮಳೆಗೆ 45,000 ಲೀಟರ್ ಬೀಳುತ್ತದೆ. ಮೊದಲ ಕೊಳೆನೀರು ಹೊರಗೆ ಬಿಟ್ಟು, ಚೆಲ್ಲಿದ್ದು ಇಂಗಿದ್ದು ಕಳೆದು ಶೇ. 80 ಹಿಡಿದರೂ 36,000 ಲೀಟರ್, ಅಂದರೆ 12,000 ಲೀಟರಿನ ಮೂರು ಟ್ಯಾಂಕರ್. ಅವರ ಸಂಪು 40,000 ಲೀಟರಿನದು. ಅದು ಖಾಲಿಯಿದ್ದರೆ ಇಷ್ಟೂ ನೀರು ನಿಲ್ಲುತ್ತದೆ. ಮರುದಿನವೂ ಮಳೆ ಬಂದರೆ ಹೆಚ್ಚಾದದ್ದು ಇಂಗುಬಾವಿಗೆ ಹೋಗುತ್ತದೆ, ಅದನ್ನು ಟ್ಯಾಂಕರ್ ಲೆಕ್ಕಕ್ಕೆ ಸೇರಿಸಬೇಡ. ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆಯೆಂದು ಇಡೀ ವರ್ಷದ್ದನ್ನು ಗುಣಿಸಿ "97 ಟ್ಯಾಂಕರ್ ಉಳಿತಾಯ" ಎಂದು ಬರೆಯುವ ಆಸೆ ಬರುತ್ತದೆ. ಆ ಸಭೆಯಲ್ಲಿ ಒಬ್ಬರಾದರೂ ಇಂಜಿನಿಯರ್ ಇರುತ್ತಾರೆ. ಅಷ್ಟು ನೀರನ್ನು ಎಲ್ಲಿ ಹಿಡಿದಿಡುತ್ತೀರಿ ಎಂದು ಅವರು ಕೇಳಿದರೆ ಮೇಡಂ ತಬ್ಬಿಬ್ಬಾಗುತ್ತಾರೆ. ನಿನ್ನ ಪರವಾಗಿ ಎದ್ದು ಮಾತಾಡುವವರನ್ನು ಆ ಸ್ಥಿತಿಗೆ ತರಬಾರದು.

ಕೊಟೇಶನ್ ಎಷ್ಟು ದಿನ ಊರ್ಜಿತ ಎಂದೂ ನೀನು ಬರೆದಿಲ್ಲ. ಪಿವಿಸಿ ಪೈಪಿನ ರೇಟ್ ಇದ್ದಲ್ಲಿ ಇರುವುದಿಲ್ಲ, ಆರು ತಿಂಗಳ ಮೇಲೆ ಇದೇ ಬೆಲೆಗೆ ಮಾಡಿ ಎಂದರೆ ಏನು ಮಾಡುತ್ತೀಯ? ಆ ಪುಟದಲ್ಲಿ "ಈ ರೇಟ್ ಮೇ 10ರವರೆಗೆ" ಎಂದು ಸೇರಿಸು, ಕಾರಣವನ್ನೂ ಬರೆ. ಕೆಲಸಕ್ಕೆ ಮೂರು ವಾರ ಬೇಕು, ಜೂನ್ ಮೊದಲೆರಡು ವಾರದೊಳಗೆ ಮುಂಗಾರು ಸಾಮಾನ್ಯವಾಗಿ ಬೆಂಗಳೂರು ಮುಟ್ಟುತ್ತದೆ. ಮೇ 10ಕ್ಕೆ ಆರ್ಡರ್ ಕೈಗೆ ಬಂದರೆ ಮುಂಗಾರಿನ ಹೊತ್ತಿಗೆ ಪೈಪು ಜೋಡಿಸಿರಬಹುದು. "ಈ ವಾರ ಮಾತ್ರ ಡಿಸ್ಕೌಂಟ್" ಎನ್ನುವವರಿಗೂ ನಿನಗೂ ಇರುವ ವ್ಯತ್ಯಾಸ ಇದು. ನಿನ್ನ ಗಡುವು ನಿಜ, ಅವರೇ ಲೆಕ್ಕ ಹಾಕಿ ನೋಡಬಹುದು.

ಎರಡು ದಿನವಾದರೂ ಉತ್ತರ ಬರದಿದ್ದರೆ ಒಮ್ಮೆ ಫೋನ್ ಮಾಡು, ಸಂಜೆ ಏಳರ ನಂತರ. ಎತ್ತದಿದ್ದರೆ ಮತ್ತೆ ಮತ್ತೆ ಒತ್ತಬೇಡ. ಅವರನ್ನು ಬಿಟ್ಟು ನೇರ ಅಧ್ಯಕ್ಷರ ಮನೆಗೂ ಹೋಗಬೇಡ, ಮೇಡಂಗೆ ಅದು ಅವಮಾನ. ಆದರೆ ನೀನು ಅಳತೆಗೆ ಹೋದಾಗ ಏಣಿ ಹಿಡಿದು ನಿಂತಿದ್ದರಲ್ಲ ಅಲ್ಲಿನ ಮ್ಯಾನೇಜರ್, ಮೀಟಿಂಗ್ ಯಾವಾಗ ಎಂದು ಅವರನ್ನು ಕೇಳುವುದರಲ್ಲಿ ತಪ್ಪಿಲ್ಲ. ದಿನ ಗೊತ್ತಾದರೆ, ಸಭೆಯ ಮರುದಿನ ಸಂಜೆ ಒಮ್ಮೆ ವಿಚಾರಿಸು.

"ರೇಟ್ ಜಾಸ್ತಿ" ಎಂದು ಅವರೇ ಬಾಯಿಬಿಟ್ಟು ಹೇಳಿದರೆ ಆಗಲೂ ಬರೀ ರೇಟ್ ಇಳಿಸಬೇಡ, ಕೆಲಸ ಇಳಿಸು. ಈ ವರ್ಷ ಸಂಪಿಗೆ ಫಿಲ್ಟರ್ ಮತ್ತು ಪೈಪು, ಇಂಗುಬಾವಿ ಮುಂದಿನ ವರ್ಷ, ಹೀಗೆ ಎರಡು ಕಂತು ಮಾಡಿ ತೋರಿಸು.

ಮೇ 10 ದಾಟಿಯೂ ಸುದ್ದಿಯಿಲ್ಲದಿದ್ದರೆ ಕೊನೆಯದಾಗಿ ಒಂದು ಸಂದೇಶ: "ರೇಟಿನ ಅವಧಿ ಮುಗಿದಿದೆ ಮೇಡಂ, ಹುಡುಗರನ್ನು ಬೇರೆ ಕೆಲಸಕ್ಕೆ ಹಚ್ಚುತ್ತಿದ್ದೇನೆ. ನಿಮಗೆ ಬೇಕೆನಿಸಿದಾಗ ತಿಳಿಸಿ, ಹೊಸ ರೇಟ್ ಹಾಕಿ ಕೊಡುತ್ತೇನೆ." ಹೇಳಿದ ಹಾಗೆ ಹುಡುಗರನ್ನು ಬೇರೆ ಕೆಲಸಕ್ಕೆ ಹಚ್ಚು. ಈ ಸಂದೇಶಕ್ಕೆ ಅದೇ ರಾತ್ರಿ ಉತ್ತರ ಬಂದದ್ದನ್ನು ನಾನು ಎರಡು ಮೂರು ಸಲ ಕಂಡಿದ್ದೇನೆ, ಬಾರದೇ ಹೋದದ್ದು ಅದಕ್ಕಿಂತ ಹೆಚ್ಚು.

ಆ ಒಂದು ಪುಟ ಬರೆದಾದ ಮೇಲೆ ಮೇಡಂಗೆ ಕಳಿಸುವ ಮುಂಚೆ ನನಗೊಮ್ಮೆ ಕಳಿಸು. ಲೀಟರ್ ಲೆಕ್ಕವನ್ನು ಇನ್ನೊಮ್ಮೆ ಕೂಡಿ ನೋಡುತ್ತೇನೆ.

ಇತಿ,
ನಿನ್ನ ಅಣ್ಣ